ಫಾರ್ಮಕ್ಕ ಬರೆದ ನೋಟಿಸು

ಬಾಯ್ಲರ್ ಮೇಸ್ತ್ರಿಗೆ ಅವನ ಮೂವತ್ತು ವರ್ಷದ ನೌಕರಿಯಲ್ಲಿ ಹುಟ್ಟುಹಬ್ಬದ ಶುಭಾಶಯ ಹೇಳಿದವರು ಒಬ್ಬರೂ ಇರಲಿಲ್ಲ. ತಾರೀಖು ಗೊತ್ತಿದ್ದರೆ ತಾನೆ ಹೇಳುವುದು? ಅವನು ಹತ್ತು ವರ್ಷದಿಂದ ನಲವತ್ತೊಂಬತ್ತರಲ್ಲೇ ನಿಂತುಬಿಟ್ಟಿದ್ದ ಮನುಷ್ಯ. ಹಾಗಿರುವಾಗ ಆ ಮಂಗಳವಾರ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದೊಡನೆ ಡ್ರೈವರು ಹಲ್ಲು ಕಿರಿದು, "ಐವತ್ತೊಂಬತ್ತು ತುಂಬ್ತಂತಲ್ಲ ಮೇಸ್ತ್ರಿ, ಸಿಹಿ ಯಾವಾಗ?" ಎಂದು ಬಸ್ಸಿಗೆ ಬಸ್ಸೇ ಕೇಳುವಂತೆ ಅಂದುಬಿಟ್ಟ.

ಮೇಸ್ತ್ರಿ ಬಸ್ಸಿಳಿದವನು ಬಾಯ್ಲರ್ ಕಡೆ ಹೋಗಲಿಲ್ಲ. ನೇರ ಸಿಬ್ಬಂದಿ ವಿಭಾಗದ ಕಿಟಕಿಗೆ ಬಂದು ಮೊಣಕೈ ಊರಿ ನಿಂತ.

"ಫಾರ್ಮಕ್ಕಾ, ನನ್ನ ವಯಸ್ಸು ಆ ಡ್ರೈವರಿಗೆ ಹೇಳಿದ್ಯಾರು?"

ಫಾರ್ಮಕ್ಕ ಕನ್ನಡಕದ ಮೇಲಿಂದ ನೋಡಿದಳು. ಅವಳ ನಿಜವಾದ ಹುದ್ದೆ ಸಿಬ್ಬಂದಿ ವಿಭಾಗದ ಮುಖ್ಯ ಗುಮಾಸ್ತೆ. ಆದರೆ ಔಷಧಿ ಸೀಸೆಗಳಿಗೆ ಮುಚ್ಚಳ ಮಾಡುವ ಆ ಕಾರ್ಖಾನೆಯ ನಾನೂರ ಹನ್ನೆರಡು ಜನರಲ್ಲಿ ಒಬ್ಬರೂ ಅವಳನ್ನು ಹಾಗೆ ಕರೆದವರಲ್ಲ. ರಜೆ ಬೇಕೆಂದರೆ ಫಾರಂ, ಬೂಟು ಬೇಕೆಂದರೆ ಫಾರಂ, ಮನೆ ಬದಲಾಯಿಸಿದರೆ ಏಳು ದಿನದೊಳಗೆ ಫಾರಂ. ಒಂದು ಕಾಲಂ ಖಾಲಿ ಬಿಟ್ಟರೂ ಅವಳು ಕಾಗದವನ್ನು ಕಿಟಕಿಯಿಂದ ಹಿಂದಕ್ಕೆ ತಳ್ಳುತ್ತಿದ್ದಳು. ಹೆತ್ತ ತಾಯಿ ಬಂದು ಕೇಳಿದರೂ ಅಷ್ಟೆ. ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಕೈಯಲ್ಲೂ ವಿಳಾಸದ ಚೀಟಿ ಕೊಟ್ಟು, "ಬದಲಾವಣೆ ಇದೆ, ಇಲ್ಲ" ಎಂದು ಗುರುತು ಹಾಕಿಸಿ ಸಹಿ ತೆಗೆದುಕೊಳ್ಳುತ್ತಿದ್ದಳು. ತನ್ನ ರಿಜಿಸ್ಟರಿನಲ್ಲಿ ಒಂದಕ್ಷರ ತಪ್ಪಿಲ್ಲ ಎಂಬುದು ಅವಳ ಹೆಮ್ಮೆ. ಅದನ್ನು ಅವಳು ಮುಚ್ಚಿಟ್ಟುಕೊಂಡವಳೂ ಅಲ್ಲ.

"ನಿನ್ನ ವಯಸ್ಸು ನನ್ನ ಕಂಪ್ಯೂಟರಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ" ಎಂದಳು.

"ಹಾಗಾದ್ರೆ ನಿಮ್ಮ ಕಂಪ್ಯೂಟರು ಬಸ್ಸು ಓಡಿಸ್ತಿದೆ" ಎಂದ ಮೇಸ್ತ್ರಿ. "ಅವನು ಫೋನಲ್ಲಿ ನೋಡ್ಕೊಂಡೇ ಹೇಳಿದ್ದು. ನೀವು ಕಳಿಸಿದ ಬಸ್ಸಿನ ಪಟ್ಟೀಲಿದೆಯಂತೆ."

ಫಾರ್ಮಕ್ಕ ಕಂಪ್ಯೂಟರಿನ ಕಡೆ ತಿರುಗಿ, ಹಿಂದಿನ ದಿನ ಸಂಜೆ ಬಸ್ಸಿನ ಗುತ್ತಿಗೆದಾರನಿಗೆ ಕಳಿಸಿದ್ದ ಫೈಲು ತೆರೆದಳು. ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು: ಹೆಸರು, ಪಾಳಿ, ಹತ್ತುವ ಜಾಗ, ಮೂರೇ ಕಾಲಂ. ಬಸ್ಸು ಬೇಕೆಂದ ಇನ್ನೂರ ಆರು ಜನ. ಆದರೆ ಎಡಗಡೆಯ ಸಾಲಿನ ಸಂಖ್ಯೆಗಳ ಮೇಲೆ ಕಣ್ಣು ಹೋಯಿತು. ಒಂದು, ನಾಲ್ಕು, ಐದು, ಒಂಬತ್ತು. ನಡುವಿನ ಸಂಖ್ಯೆಗಳು ಎಲ್ಲಿಗೂ ಹೋಗಿರಲಿಲ್ಲ, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೆ.

ತಪ್ಪು ಏನೆಂದು ಅವಳಿಗೆ ಆ ಕ್ಷಣವೇ ಹೊಳೆಯಿತು. ಹನ್ನೊಂದು ವರ್ಷದಿಂದ ಅವಳು ಬಸ್ಸಿನ ಪಟ್ಟಿ ಮಾಡುತ್ತಿದ್ದುದು ಒಂದೇ ಕ್ರಮದಲ್ಲಿ. ಪೂರ್ತಿ ಸಿಬ್ಬಂದಿ ರಿಜಿಸ್ಟರಿನದೊಂದು ಪ್ರತಿ ತೆರೆಯುವುದು, ಬೇಡದ ಕಾಲಂಗಳನ್ನು ಮರೆಮಾಡುವುದು, ಬಸ್ಸು ಬೇಡದವರ ಸಾಲುಗಳನ್ನು ಫಿಲ್ಟರ್ ಹಾಕಿ ಅಡಗಿಸುವುದು, ಪ್ರಿಂಟ್ ತೆಗೆಯುವುದು. ಅಡಗಿಸಿದ್ದು ಕಾಗದದ ಮೇಲೆ ಬರುವುದಿಲ್ಲ. ಈ ವರ್ಷ ಗುತ್ತಿಗೆದಾರ, "ಕಾಗದ ಹರಿದು ಹೋಗುತ್ತೆ ಮೇಡಂ, ಫೈಲೇ ಕಳಿಸಿಬಿಡಿ, ಡ್ರೈವರುಗಳ ಫೋನಿಗೆ ಹಾಕ್ತೀನಿ" ಎಂದಿದ್ದ. ಅವಳು ಕಳಿಸಿಬಿಟ್ಟಿದ್ದಳು. ಕಾಗದಕ್ಕೆ ಮರೆಯಾದದ್ದು ಫೈಲಿಗೂ ಮರೆಯಾಗುತ್ತದೆ ಎಂದು ಅವಳ ಕೈ ನಂಬಿತ್ತು. ಆ ಡ್ರೈವರನ ಫೋನಿನ ಅಗ್ಗದ ಆ್ಯಪಿಗೆ ಮರೆ ಗಿರೆ ಏನೂ ಗೊತ್ತಿರಲಿಲ್ಲ. ಇದ್ದುದನ್ನೆಲ್ಲ ಬಿಚ್ಚಿ ತೋರಿಸಿತ್ತು. ನಾನೂರ ಹನ್ನೆರಡು ಜನರ ಹುಟ್ಟಿದ ದಿನ, ಮನೆ ವಿಳಾಸ, ಫೋನು, ಗುರುತಿನ ಚೀಟಿಯ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ, ತುರ್ತಿಗೆ ಯಾರನ್ನು ಕರೆಯಬೇಕೆಂಬ ಹೆಸರು.

"ಮೇಸ್ತ್ರಿ, ತಪ್ಪು ನನ್ನದು" ಎಂದಳು ಫಾರ್ಮಕ್ಕ.

ಜಗಳಕ್ಕೆಂದೇ ಬಂದಿದ್ದ ಮೇಸ್ತ್ರಿ ಈ ಮಾತು ಕೇಳಿ ಕಿಟಕಿಯಿಂದ ಮೊಣಕೈ ತೆಗೆದ. "ಹೋಗ್ಲಿ ಬಿಡಿ, ಹೇಗೂ ಮುಂದಿನ ವರ್ಷ ನಿವೃತ್ತಿ, ಆಗ ಗೊತ್ತಾಗೋದೇ" ಎಂದು ಗೊಣಗಿ ಬಾಯ್ಲರ್ ಕಡೆ ನಡೆದ.

ಅವಳು ಕಂಪ್ಯೂಟರ್ ವಿಭಾಗದವನನ್ನು ಕರೆಸಿದಳು. ಅವನು ಮಿತಭಾಷಿ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಕುರ್ಚಿ ಎಳೆದುಕೊಂಡು ಪ್ರಶ್ನೆ ಕೇಳುತ್ತ ಹೋದ. ಎಷ್ಟು ಹೊತ್ತಿಗೆ ಕಳಿಸಿದಿರಿ, ಯಾರಿಗೆ, ಅವರು ಯಾರಿಗೆ, ಫೈಲಿಗೆ ಪಾಸ್‌ವರ್ಡ್ ಇತ್ತೇ. ಸೋಮವಾರ ಸಂಜೆ ನಾಲ್ಕೂವರೆಗೆ, ಗುತ್ತಿಗೆದಾರನಿಗೆ, ಅವನು ಐದಕ್ಕೆ ಡ್ರೈವರುಗಳ ವಾಟ್ಸ್ಆ್ಯಪ್ ಗುಂಪಿಗೆ, ಗುಂಪಿನಲ್ಲಿ ಹದಿನಾಲ್ಕು ಜನ, ಪಾಸ್‌ವರ್ಡ್ ಇರಲಿಲ್ಲ. ಎಲ್ಲವನ್ನೂ ಅವನು ಒಂದು ಹಾಳೆಯಲ್ಲಿ ವೇಳೆ ಸಮೇತ ಬರೆದುಕೊಂಡ.

"ಗುಂಪಿನಿಂದ ಎಲ್ಲರಿಗೂ ಅಳಿಸೋಕೆ ಇನ್ನೂ ಟೈಮಿದೆ" ಎಂದ. "ಆದ್ರೆ ಯಾರು ಇಳಿಸಿಕೊಂಡಿದಾರೋ ಅವರ ಫೋನಲ್ಲಿ ಇದ್ದೇ ಇರುತ್ತೆ. ಒಬ್ಬೊಬ್ಬರ ಹತ್ರಾನೂ ಅಳಿಸಿ ಅಂತ ಹೇಳಿ, ಬರೆಸ್ಕೋಬೇಕು. ಮುಂದಕ್ಕೆ ಕಳಿಸಿದಾರಾ ಅಂತಾನೂ ಕೇಳಬೇಕು."

"ಕೇಳಿದ್ರೆ ಹೇಳ್ತಾರಾ?"

"ಬೈದ್ರೆ ಹೇಳಲ್ಲ."

ಗುತ್ತಿಗೆದಾರ ಹತ್ತು ನಿಮಿಷದಲ್ಲಿ ಫೈಲನ್ನು ಗುಂಪಿನಿಂದ ಅಳಿಸಿದ. ಹಾಳೆಯ ಮೇಲೆ ಅದೊಂದು ಸಾಲಿನ ಮುಂದೆ ಗುರುತು ಬಿತ್ತು. ಫಾರ್ಮಕ್ಕ ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಪರದೆಯ ಮೇಲೆ ಬಿಚ್ಚಿಕೊಂಡಿದ್ದ ರಿಜಿಸ್ಟರಿನ ನಡುವೆ ಒಂದು ಸಾಲು ಕಣ್ಣಿಗೆ ಬಿತ್ತು. ಅದು ಪ್ಯಾಕಿಂಗ್ ವಿಭಾಗದ ಒಬ್ಬಳದು.

ಆ ಪ್ಯಾಕಿಂಗಿನವಳು ಕಾರ್ಖಾನೆಯ ಬಸ್ಸು ಹತ್ತುತ್ತಿರಲಿಲ್ಲ. ಯಾಕೆಂದು ಫಾರ್ಮಕ್ಕನಿಗೆ ಮತ್ತು ಗೇಟಿನ ಕಾವಲಿನವರಿಗೆ ಮಾತ್ರ ಗೊತ್ತಿತ್ತು. ಎರಡು ವರ್ಷದ ಹಿಂದೆ ಗಂಡನ ಹೊಡೆತ ತಾಳಲಾರದೆ ಮಗಳನ್ನು ಕಟ್ಟಿಕೊಂಡು ಮನೆ ಬಿಟ್ಟು ಬಂದವಳು ಅವಳು. ಅವನು ಹೆಂಡತಿಯನ್ನು ಹುಡುಕಿಕೊಂಡು ಹೋಗಬಾರದು, ಹತ್ತಿರ ಸುಳಿಯಬಾರದು ಎಂದು ನ್ಯಾಯಾಲಯದ ಆದೇಶವಿತ್ತು. ಅದರ ಒಂದು ಪ್ರತಿ ಫಾರ್ಮಕ್ಕನ ಕಬ್ಬಿಣದ ಬೀರುವಿನಲ್ಲಿತ್ತು, ಅವನದೊಂದು ಫೋಟೋ ಗೇಟಿನಲ್ಲಿತ್ತು. ಅವನಿಗೆ ಹೆಂಡತಿಯ ಕೆಲಸದ ಜಾಗ ಗೊತ್ತು, ಮನೆ ಗೊತ್ತಿಲ್ಲ. ದಿನಕ್ಕೊಂದು ದಾರಿ ಹಿಡಿದು, ಎರಡು ಬಸ್ಸು ಬದಲಾಯಿಸಿ ಅವಳು ಮನೆ ಸೇರುತ್ತಿದ್ದಳು. ಇನ್ನೊಂದು ವಿಷಯ: ಅವನೂ ಒಂದು ಕಾಲಕ್ಕೆ ಇದೇ ಗುತ್ತಿಗೆದಾರನ ಹತ್ತಿರ ಡ್ರೈವರಾಗಿದ್ದವನೇ.

ಫಾರ್ಮಕ್ಕ ವಿಳಾಸದ ಕಾಲಂ ನೋಡಿದಳು. ಬೀದಿ, ಮನೆ ಸಂಖ್ಯೆ, ಎರಡನೆಯ ಮಹಡಿ, ಎಡಗಡೆ ಬಾಗಿಲು ಎಂಬುದರವರೆಗೆ ಇತ್ತು. ಎಡಗಡೆ ಬಾಗಿಲು ಎಂದು ಬರೆಸಿದವಳು ತಾನೇ. ಎರಡು ತಿಂಗಳ ಹಿಂದಿನ ವಾರ್ಷಿಕ ಚೀಟಿಯಲ್ಲಿ "ಬದಲಾವಣೆ ಇಲ್ಲ" ಎಂಬ ಗುರುತು, ಅದರ ಕೆಳಗೆ ಪ್ಯಾಕಿಂಗಿನವಳ ಸಹಿ ಇತ್ತು. ತನ್ನ ರಿಜಿಸ್ಟರಿನಲ್ಲಿ ತಪ್ಪಿರುವುದಿಲ್ಲವಲ್ಲ ಎಂದು ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಭಯವಾಯಿತು.

ಪ್ಯಾಕಿಂಗಿನವಳಿಗೆ ಫೋನು ಮಾಡಿದಳು. ಸ್ವಿಚ್ ಆಫ್. ಮೇಲ್ವಿಚಾರಕಿಯನ್ನು ಕೇಳಿದರೆ ಪ್ಯಾಕಿಂಗಿನವಳಿಗೆ ಅಂದು ವಾರದ ರಜೆ. ರಜೆಯ ದಿನ ಅವಳು ಫೋನು ಆನ್ ಮಾಡುವುದೇ ಇಲ್ಲವಂತೆ. ತುರ್ತಿಗೆಂದು ಬರೆಸಿದ್ದ ಅವಳ ಅಕ್ಕನ ಸಂಖ್ಯೆ ರಿಂಗಾಯಿತು, ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಕಂಪ್ಯೂಟರಿನವನು ಹಾಳೆ ಹಿಡಿದು ಬಂದ. ಹದಿನಾಲ್ಕು ಜನರಲ್ಲಿ ಹನ್ನೆರಡು ಜನ ಅಳಿಸಿ ಬರೆದುಕೊಟ್ಟಿದ್ದರು. ಒಬ್ಬ ಊರಲ್ಲಿಲ್ಲ, ಫೈಲು ತೆರೆದೇ ಇಲ್ಲ. ಉಳಿದ ಒಬ್ಬ ಹೊರಗೆ ನಿಂತಿದ್ದ. ಬೆಳಿಗ್ಗೆ ಮೇಸ್ತ್ರಿಗೆ ಶುಭಾಶಯ ಕೋರಿದ ಆಸಾಮಿಯೇ ಅವನು. ಒಳಗೆ ಬಂದವನು ಟೋಪಿಯನ್ನು ಹಿಂಡುತ್ತ ನಿಂತ.

"ನಿಜ ಹೇಳಿದ್ರೆ ಬೈಯಲ್ಲ ಅಂದ್ರು" ಎಂದ.

"ಬೈಯಲ್ಲ. ಹೇಳು."

"ಹಳೇ ಡ್ರೈವರೊಬ್ಬ ನಿನ್ನೆ ಸಂಜೆ ಸಿಕ್ಕಿದ್ದ ಮೇಡಂ. ಹೊಸ ರೂಟು ಹೇಗಿದೆ, ಪಟ್ಟಿ ಕಳಿಸು ಅಂದ. ಬರೀ ಬಸ್ಸಿನ ಪಟ್ಟಿ ಅಂತ ಕಳಿಸಿಬಿಟ್ಟೆ. ಇವತ್ತು ಬೆಳಿಗ್ಗೆ ತೆಗೆದು ನೋಡಿದಾಗಲೇ ನನಗೂ ಗೊತ್ತಾಗಿದ್ದು ಅದರಲ್ಲಿ ಏನೇನಿದೆ ಅಂತ." ಅವನು ಹೇಳಿದ ಹೆಸರು ಬೀರುವಿನಲ್ಲಿದ್ದ ಆದೇಶದ ಮೇಲಿನ ಹೆಸರೇ ಆಗಿತ್ತು.

ಫಾರ್ಮಕ್ಕ ಬೈಯಲಿಲ್ಲ. ಪೊಲೀಸ್ ಠಾಣೆಗೆ ಫೋನು ಮಾಡಿ ಆದೇಶದ ಸಂಖ್ಯೆ ಓದಿದಳು, ವಿಳಾಸ ಹೇಳಿದಳು. ಅತ್ತ ಕಡೆಯವರು ಗಾಡಿ ಬರಲು ಸ್ವಲ್ಪ ಹೊತ್ತಾಗುತ್ತದೆ ಎಂದರು. ಆ ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ನಂಬಿಕೆ ಬರಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಮ್ಯಾನೇಜರರ ಕೋಣೆಗೆ ನಡೆದಳು.

ಮ್ಯಾನೇಜರರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮನುಷ್ಯ ಕೆಟ್ಟವರಲ್ಲ, ಆದರೆ ಕಷ್ಟ ಬಂದಾಗ ಮೊದಲು ಪದ ಹುಡುಕುವ ಜಾತಿ. ನೋಟಿಸಿನ ಒಂದು ಕರಡು ಬರೆದು ಮೇಜಿನ ಮೇಲಿಟ್ಟುಕೊಂಡಿದ್ದರು. "ಇದನ್ನ ನೋಡಿ" ಎಂದು ಅವಳ ಕಡೆ ಸರಿಸಿದರು.

ಕರಡಿನಲ್ಲಿ ಹೀಗಿತ್ತು: "ಕೆಲವು ತಾಂತ್ರಿಕ ಕಾರಣಗಳಿಂದಾಗಿ ಸಿಬ್ಬಂದಿಯ ಕೆಲವು ಮಾಹಿತಿಯು ಸೀಮಿತ ಪ್ರಮಾಣದಲ್ಲಿ ಹೊರಗಿನವರಿಗೆ ಲಭ್ಯವಾಗಿರುವ ಸಾಧ್ಯತೆಯಿದ್ದು, ಸಿಬ್ಬಂದಿ ಆತಂಕ ಪಡುವ ಅಗತ್ಯವಿರುವುದಿಲ್ಲ."

"ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ ಸರ್" ಎಂದಳು ಫಾರ್ಮಕ್ಕ. "ತಾಂತ್ರಿಕ ಕಾರಣ ಏನೂ ಇಲ್ಲ. ಕಾರಣ ನಾನು. ಮಾಹಿತಿ ಅಂದ್ರೆ ಯಾವ ಮಾಹಿತಿ ಅಂತ ಓದಿದವರಿಗೆ ಗೊತ್ತಾಗಬೇಕು. ಬ್ಯಾಂಕಿನವರು ಅಂತ ನಾಳೆ ಯಾರೋ ಫೋನ್ ಮಾಡಿ ಖಾತೆ ನಂಬರು, ಹುಟ್ಟಿದ ದಿನ ಸರಿಯಾಗಿ ಹೇಳಿದ್ರೆ ನಮ್ಮೋರು ನಂಬಿಬಿಡ್ತಾರೆ."

"ವಕೀಲರು ನೋಡ್ಲಿ, ನಾಳೆ ನಾಡಿದ್ದು ಹಾಕೋಣ. ನಿಮ್ಮ ಹೆಸರು ಬರದ ಹಾಗೆ ನಾನು ನೋಡ್ಕೋತೀನಿ."

ಅವಳನ್ನು ಕಾಪಾಡಲೆಂದೇ ಅವರು ತಿಪ್ಪೆ ಸಾರಿಸಲು ಹೊರಟಿದ್ದರು. ಅದು ಅವಳಿಗೆ ತಿಳಿಯದೆ ಇರಲಿಲ್ಲ. ಕೆಲಸ ಹೋದರೆ ಮನೆಯಲ್ಲಿ ತಾಯಿಗೆ ಏನು ಹೇಳುವುದು ಎಂಬ ಯೋಚನೆಯೂ ತಲೆಯ ಮೂಲೆಯಲ್ಲಿ ಇಣುಕಿ ಹೋಯಿತು.

"ಸರ್, ಮಾಹಿತಿ ರಕ್ಷಣೆಯ ಪ್ರಾಧಿಕಾರಕ್ಕೆ ತಿಳಿಸೋಕೆ ಕಾನೂನು ಮೂರು ದಿನ ಕೊಟ್ಟಿದೆ, ಅದನ್ನ ವಕೀಲರು ನೋಡ್ಲಿ. ನಮ್ಮ ಜನಕ್ಕೆ ಯಾಕೆ ಕಾಯಿಸಬೇಕು? ನಾಳೆ ಬೆಳಿಗ್ಗೆ ಪಾಳಿ ಬದಲಾಗೋ ಹೊತ್ತಿಗೆ ನೋಟಿಸು ಗೋಡೆ ಮೇಲಿರಬೇಕು. ಪೂರ್ತಿ ನಿಜ ಇರಬೇಕು. ಈಗ ನಾನು ಒಂದು ಮನೆಗೆ ಹೋಗ್ಬೇಕು." ಯಾರ ಮನೆ, ಯಾಕೆ ಎಂದು ಎರಡು ಮಾತಿನಲ್ಲಿ ಹೇಳಿದಳು.

ಮ್ಯಾನೇಜರರು ತಮ್ಮ ಕರಡನ್ನು ನೋಡಿದರು, ಅವಳನ್ನು ನೋಡಿದರು. "ನನ್ನ ಕಾರಲ್ಲಿ ಹೋಗಿ, ಡ್ರೈವರಿದಾನೆ" ಎಂದರು. "ಒಬ್ಬರೇ ಹೋಗ್ಬೇಡಿ, ಗೇಟಿನವನನ್ನೂ ಕರ್ಕೊಂಡು ಹೋಗಿ."

ದಾರಿಯುದ್ದಕ್ಕೂ ಅವಳು ಆ ಎರಡು ಸಂಖ್ಯೆಗಳಿಗೆ ಫೋನು ಮಾಡುತ್ತಲೇ ಇದ್ದಳು. ಪ್ರತಿಯೊಂದು ಕೆಂಪು ದೀಪವೂ ಅವಳ ಮೇಲೆ ಹಗೆ ಸಾಧಿಸಿದಂತೆ ಉರಿಯುತ್ತಿತ್ತು. ಎರಡನೆಯ ಮಹಡಿ, ಎಡಗಡೆ ಬಾಗಿಲು. ಒಂದು ಕಾಲಂ ಖಾಲಿ ಬಿಡಲು ತಾನು ಒಪ್ಪಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ತನ್ನನ್ನೇ ಶಪಿಸಿಕೊಂಡಳು.

ಕಟ್ಟಡದ ಮೆಟ್ಟಿಲು ಇಕ್ಕಟ್ಟಾಗಿತ್ತು. ಗೋಡೆಗೆ ಒರಗಿಸಿದ ಸೈಕಲ್ಲು, ಒಣಗಲು ಹಾಕಿದ ಒರೆಸುವ ಬಟ್ಟೆ, ಯಾರದೋ ಮನೆಯ ಒಗ್ಗರಣೆಯ ವಾಸನೆ. ಐವತ್ತೆರಡರ ಮಂಡಿ ನೋವನ್ನು ಮರೆತು ಅವಳು ಹತ್ತಿದಳು. ಎಡಗಡೆ ಬಾಗಿಲಿನ ಕೆಳಭಾಗದಲ್ಲಿ ಬೂಟಿನ ಗುರುತು ಹಸಿಯಾಗಿ ಕಾಣುತ್ತಿತ್ತು. ಯಾರೋ ಒದ್ದಿದ್ದರು.

ಅವಳು ತಟ್ಟಿದಳು. ಬಾಗಿಲು ತೆರೆದವನು ಬನಿಯನ್ನು ತೊಟ್ಟ ಒಬ್ಬ ಆಜಾನುಬಾಹು. ಭುಜಗಳು ಬಾಗಿಲ ಚೌಕಟ್ಟಿಗೆ ಎರಡೂ ಕಡೆ ತಾಕುತ್ತಿದ್ದವು. ಅವನ ಹಿಂದೆ ಅದೇ ಅಳತೆಯ ಇನ್ನಿಬ್ಬರು ಊಟದ ತಟ್ಟೆಯ ಮುಂದೆ ಕೂತಿದ್ದರು.

"ಏನಮ್ಮಾ, ನಿಮಗೂ ಅವಳೇ ಬೇಕಾ?" ಎಂದ ಅವನು.

ಫಾರ್ಮಕ್ಕನಿಗೆ ಅರ್ಥವಾಗಲಿಲ್ಲ. "ಇಲ್ಲಿ ಪ್ಯಾಕಿಂಗಲ್ಲಿ ಕೆಲಸ ಮಾಡೋ..."

"ಅವರು ಖಾಲಿ ಮಾಡಿ ನಾಲ್ಕು ತಿಂಗಳಾಯ್ತು. ಈಗ ನಾವು ಅಣ್ಣತಮ್ಮಂದಿರು ಇದೀವಿ. ಗ್ಯಾಸ್ ಸಿಲಿಂಡರ್ ಹಾಕೋರು." ಅವನು ಬಾಗಿಲಿನ ಗುರುತನ್ನು ಹೆಬ್ಬೆರಳಿನಲ್ಲಿ ತೋರಿಸಿದ. "ಬೆಳಿಗ್ಗೆ ಒಬ್ಬ ಬಂದು ಅವಳನ್ನ ಕಳಿಸಿ ಅಂತ ಬಾಗಿಲು ಒದ್ದ. ತೆಗೆದೆ. ನನ್ನ ನೋಡಿದ, ಇವರಿಬ್ಬರನ್ನ ನೋಡಿದ, ಮನೆ ತಪ್ಪಾಯ್ತು ಅಂದ. ಬಾಗಿಲು ಒರೆಸಿ ಹೋಗು ಅಂದೆ. ಒರೆಸಲಿಲ್ಲ, ಮೆಟ್ಟಿಲಲ್ಲಿ ಮೂರು ಮೂರು ಹಾರ್ಕೊಂಡು ಹೋದ."

"ಅವಳು ಈಗ ಎಲ್ಲಿದಾಳೆ ಅಂತ..."

"ಅವನಿಗೂ ಹೇಳಿದೆ, ನಿಮಗೂ ಹೇಳ್ತೀನಿ. ನಮಗೆ ಗೊತ್ತಿಲ್ಲ. ಹೋಗುವಾಗ ಯಾರಿಗೂ ಹೇಳಿಲ್ಲ ಆಯಮ್ಮ."

ಫಾರ್ಮಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೋದ ಜೀವ ಬಂದಂತಾಯಿತು. ಹನ್ನೊಂದು ವರ್ಷದಲ್ಲಿ ಅವಳ ರಿಜಿಸ್ಟರಿನಲ್ಲಿ ಸಿಕ್ಕ ಮೊದಲ ತಪ್ಪು ವಿಳಾಸ ಅದು. ಅದಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಳು. ಅಣ್ಣತಮ್ಮಂದಿರಲ್ಲಿ ಚಿಕ್ಕವನು ಒಂದು ಲೋಟ ನೀರು ತಂದುಕೊಟ್ಟ. ಪೊಲೀಸ್ ಗಾಡಿ ಬಂದಾಗ ಅವಳು ಇನ್ನೂ ಅಲ್ಲೇ ಕೂತಿದ್ದಳು. ಅಣ್ಣತಮ್ಮಂದಿರು ಮೂವರೂ ಹೇಳಿಕೆ ಕೊಟ್ಟರು, ಪೊಲೀಸರು ಬೂಟಿನ ಗುರುತಿನ ಫೋಟೋ ತೆಗೆದುಕೊಂಡರು. ಅವನಿಗೆ ಆ ವಿಳಾಸ ಎಲ್ಲಿಂದ ಸಿಕ್ಕಿತು ಎಂದು ಪೊಲೀಸರು ಕೇಳಿದಾಗ ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು: ನನ್ನಿಂದ.

ವಾಪಸು ಬರುವಾಗ ಅವಳ ಫೋನು ರಿಂಗಾಯಿತು. ಪ್ಯಾಕಿಂಗಿನವಳ ಅಕ್ಕ. ತಂಗಿ, ತಂಗಿಯ ಮಗಳು ಇಬ್ಬರೂ ತನ್ನ ಮನೆಯಲ್ಲೇ ಇದ್ದಾರೆ, ಬಟ್ಟೆ ಒಗೆಯುತ್ತಿದ್ದೆವು, ಫೋನು ಕೇಳಿಸಲಿಲ್ಲ ಎಂದಳು. ಆ ಅಕ್ಕನ ವಿಳಾಸ ರಿಜಿಸ್ಟರಿನಲ್ಲಿರಲಿಲ್ಲ, ಫೋನು ಸಂಖ್ಯೆ ಮಾತ್ರ ಇತ್ತು. ಫಾರ್ಮಕ್ಕ ನಡೆದದ್ದನ್ನೆಲ್ಲ ಹೇಳಿ, ಗೊತ್ತಿಲ್ಲದ ಸಂಖ್ಯೆಯಿಂದ ಕರೆ ಬಂದರೆ ಎತ್ತಬೇಡಿ, ಅವಳನ್ನು ಹೊರಗೆ ಬಿಡಬೇಡಿ ಎಂದಳು. ಕರೆ ಮುಗಿದ ಮೇಲೆ ಕಾರಿನ ಕಿಟಕಿ ಇಳಿಸಿ ಮುಖಕ್ಕೆ ಗಾಳಿ ಹಿಡಿದಳು. ಗೇಟಿನವನು ಅವಳು ಅಳುವುದನ್ನು ನೋಡಲಿಲ್ಲವೆಂಬಂತೆ ರಸ್ತೆಯ ಅಂಗಡಿಗಳ ಬೋರ್ಡು ಓದುತ್ತ ಕೂತ.

ಸಂಜೆ ಮನೆಯಲ್ಲಿ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಅವಳು ನೋಟಿಸು ಬರೆದಳು. ಅವಳ ತಾಯಿ ಎದುರಿಗೆ ಕೂತು ಬೀನ್ಸ್ ಸೋಸುತ್ತ ಎಲ್ಲವನ್ನೂ ಕೇಳಿಸಿಕೊಂಡಿತು.

"ನನಗೂ ಹೇಳಲಿಲ್ಲ ನೋಡಮ್ಮ" ಎಂದಳು ಫಾರ್ಮಕ್ಕ. "ಎರಡು ತಿಂಗಳ ಹಿಂದೆ ನನ್ನೆದುರೇ 'ಬದಲಾವಣೆ ಇಲ್ಲ' ಅಂತ ಸಹಿ ಹಾಕಿದಾಳೆ."

"ನಿನಗೆ ಹೇಳಿದ್ರೆ ಏನಾಗ್ತಿತ್ತು ಅಂತ ಇವತ್ತು ನೋಡಿದ್ಯಲ್ಲ" ಎಂದಿತು ಮುದುಕಿ. "ಜಾಣೆ ಅವಳು."

ಹೆತ್ತವಳ ಬಾಯಿಂದ ಬಂದ ಆ ಮಾತು ಅವಳಿಗೆ ಚುರ್ ಎನ್ನಿಸಿತು. ಆದರೆ ಸುಳ್ಳಲ್ಲವಲ್ಲ. ಮತ್ತೆ ಪೆನ್ನು ಎತ್ತಿಕೊಂಡಳು. ಪ್ರತಿ ಸಾಲು ಬರೆದಾಗಲೂ ತಾಯಿಗೆ ಓದಿ ಹೇಳಿದಳು. ಅರ್ಥವಾಗಲಿಲ್ಲ ಎಂದು ತಾಯಿ ತಲೆಯಾಡಿಸಿದ ಕಡೆ ಹೊಡೆದು ಮತ್ತೆ ಬರೆದಳು.

ಬುಧವಾರ ಬೆಳಿಗ್ಗೆ ಪಾಳಿ ಬದಲಾಗುವ ಮೊದಲು ನೋಟಿಸು ಗಡಿಯಾರದ ಪಕ್ಕದ ಗೋಡೆಯ ಮೇಲಿತ್ತು. ಅದೇ ಒಕ್ಕಣೆ ಎಲ್ಲರ ಫೋನಿಗೂ ಹೋಗಿತ್ತು. ವಕೀಲರು ಒಂದೆರಡು ಪದ ಬದಲಾಯಿಸಿದ್ದರು, ಬೆನ್ನೆಲುಬು ಅವಳದೇ.

"ಸೋಮವಾರ ಸಂಜೆ ನಾಲ್ಕೂವರೆಗೆ ಬಸ್ಸಿನ ಪಟ್ಟಿಯ ಜೊತೆಗೆ ನಮ್ಮೆಲ್ಲ ನಾನೂರ ಹನ್ನೆರಡು ಜನರ ವೈಯಕ್ತಿಕ ವಿವರಗಳು ಬಸ್ಸಿನ ಗುತ್ತಿಗೆದಾರರಿಗೆ, ಅವರಿಂದ ಹದಿನಾಲ್ಕು ಜನರ ಗುಂಪಿಗೆ ಹೋದವು. ಹೊರಗಿನ ಒಬ್ಬರಿಗೂ ತಲುಪಿವೆ. ಹೋದ ವಿವರಗಳು: ಹುಟ್ಟಿದ ದಿನ, ವಿಳಾಸ, ಫೋನು, ಗುರುತಿನ ಚೀಟಿಯ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ, ತುರ್ತು ಸಂಪರ್ಕದ ಹೆಸರು ಮತ್ತು ಫೋನು. ಪಾಸ್‌ವರ್ಡ್, ಪಿನ್, ವೈದ್ಯಕೀಯ ವಿವರಗಳು ಆ ಫೈಲಿನಲ್ಲಿ ಇರಲಿಲ್ಲ. ಯಾರೂ ಕದ್ದದ್ದಲ್ಲ. ಮರೆಮಾಡಿದರೆ ಸಾಕೆಂದುಕೊಂಡು ಅಳಿಸದೆ ಕಳಿಸಿದ ತಪ್ಪು ಸಿಬ್ಬಂದಿ ವಿಭಾಗದ ಮುಖ್ಯ ಗುಮಾಸ್ತೆಯಾದ ನನ್ನದು."

ಮುಂದೆ ಏನು ಮಾಡಲಾಗಿದೆ ಎಂದು ಬರೆದಿತ್ತು. ಗುಂಪಿನಿಂದ ಫೈಲು ಅಳಿಸಿದ್ದು, ಹನ್ನೆರಡು ಜನ ಅಳಿಸಿದ್ದೇವೆಂದು ಬರೆದುಕೊಟ್ಟದ್ದು, ಉಳಿದವರ ಬಗ್ಗೆ ಕ್ರಮ, ಪೊಲೀಸರಿಗೂ ಮಾಹಿತಿ ರಕ್ಷಣೆಯ ಪ್ರಾಧಿಕಾರಕ್ಕೂ ತಿಳಿಸಿದ್ದು, ಸಂಬಳದ ಬ್ಯಾಂಕಿಗೆ ಎಲ್ಲ ಖಾತೆಗಳ ಮೇಲೆ ಕಣ್ಣಿಡಲು ಹೇಳಿದ್ದು, ಇನ್ನು ಮುಂದೆ ರಿಜಿಸ್ಟರಿನಿಂದ ಯಾವ ಪಟ್ಟಿಯೂ ಇನ್ನೊಬ್ಬರು ನೋಡದೆ ಹೊರಗೆ ಹೋಗುವುದಿಲ್ಲ ಎಂಬುದು. ಆಮೇಲೆ ನೀವೇನು ಮಾಡಬೇಕು ಎಂದು. ಬ್ಯಾಂಕಿನವರೆಂದು ಯಾರು ಫೋನು ಮಾಡಿ ನಿಮ್ಮ ವಿವರ ಸರಿಯಾಗಿ ಹೇಳಿದರೂ ನಂಬಬೇಡಿ, ಒಟಿಪಿ ಕೊಡಬೇಡಿ. ಫೋನಿನ ಪಾಸ್‌ವರ್ಡು ಹುಟ್ಟಿದ ದಿನವೇ ಆಗಿದ್ದರೆ ಇವತ್ತೇ ಬದಲಾಯಿಸಿ. ಖಾತೆಯಲ್ಲಿ ಗುರುತಿಲ್ಲದ ವ್ಯವಹಾರ ಕಂಡರೆ ಕೂಡಲೇ ಬ್ಯಾಂಕಿಗೆ ಹೇಳಿ. ನಿಮ್ಮ ವಿಳಾಸ ಯಾರಿಗಾದರೂ ಗೊತ್ತಾಗುವುದರಿಂದ ಅಪಾಯವಿದೆ ಎನಿಸಿದರೆ ನನ್ನ ಹತ್ತಿರ ಗುಟ್ಟಾಗಿ ಬನ್ನಿ, ಕಾರಣ ಕೇಳುವುದಿಲ್ಲ. ಕೊನೆಯಲ್ಲಿ ಅವಳ ಫೋನು ಸಂಖ್ಯೆ ಇತ್ತು.

ಗೋಡೆಯ ಮುಂದೆ ಜನ ಗುಂಪುಗೂಡಿ ಓದಿದರು. ಒಂದಷ್ಟು ಬೈಗುಳ ಕೇಳಿಸಿತು. ಅಚ್ಚಿನ ವಿಭಾಗದವನೊಬ್ಬ ಕಿಟಕಿಯ ಎದುರಿಗೇ ಬಂದು ಹತ್ತು ನಿಮಿಷ ಕೂಗಾಡಿದ. ಅವಳು ಕೂತು ಕೇಳಿದಳು. ಅವನಿಗೆ ಹಕ್ಕಿತ್ತು. ಬಾಯ್ಲರ್ ಮೇಸ್ತ್ರಿ ನೋಟಿಸನ್ನು ಎರಡು ಸಲ ಓದಿ, "ನನ್ನ ಪಾಸ್‌ವರ್ಡು ಹುಟ್ಟಿದ ದಿನ ಅಲ್ಲ, ಅದನ್ನ ನಾನೇ ಮರೆತಿದ್ದೆ" ಎಂದು ಹೇಳಿ ಸುತ್ತಲಿನವರನ್ನು ನಗಿಸಿದ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಜನ ಬಂದು ತಮ್ಮ ತಮ್ಮ ಪ್ರಶ್ನೆ ಕೇಳಿ ಹೋದರು. ಊರಲ್ಲಿರದಿದ್ದ ಡ್ರೈವರೂ ಅಳಿಸಿ ಬರೆದು ಕಳಿಸಿದ. ಮ್ಯಾನೇಜರರು ಅವಳಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ಅದನ್ನು ಅವಳೇ ತನ್ನ ಕಡತದಲ್ಲಿ ಸೇರಿಸಿ, ದಿನಾಂಕ ಹಾಕಿ, ಪುಟಸಂಖ್ಯೆ ಬರೆದಳು. ಕೆಲಸ ಉಳಿಯಿತು.

ಮೂರು ಗಂಟೆಗೆ ಠಾಣೆಯಿಂದ ಫೋನು ಬಂತು. ಪ್ಯಾಕಿಂಗಿನವಳ ಗಂಡನನ್ನು ಹಿಂದಿನ ಸಂಜೆಯೇ ಹಿಡಿದಿದ್ದರು. ಆದೇಶ ಮೀರಿದ್ದಕ್ಕೆ ಮೂವರು ಅಣ್ಣತಮ್ಮಂದಿರ ಹೇಳಿಕೆ, ಬಾಗಿಲಿನ ಗುರುತು ಸಾಕಿತ್ತು. ವಿಳಾಸ ಅವನ ಕೈಗೆ ಯಾವಾಗ, ಹೇಗೆ ಬಂತೆಂಬುದಕ್ಕೆ ಅವಳ ನೋಟಿಸಿನದೊಂದು ಪ್ರತಿ ಬೇಕು ಎಂದರು. ಅವನ ಫೋನೂ ಅವರ ವಶದಲ್ಲಿತ್ತು, ಅವನು ಫೈಲನ್ನು ಇನ್ಯಾರಿಗೂ ಕಳಿಸಿರಲಿಲ್ಲ. ಫಾರ್ಮಕ್ಕ ಪ್ರತಿಗೆ ಸಹಿ ಮಾಡಿ, ಮೊಹರು ಒತ್ತಿ ಕಳಿಸಿದಳು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಎರಡನೆಯ ಪಾಳಿಗೆ ಪ್ಯಾಕಿಂಗಿನವಳು ಬಂದಳು. ಅಕ್ಕನ ಗಂಡ ಗೇಟಿನವರೆಗೆ ಬಿಟ್ಟುಹೋಗಿದ್ದ. ಅವಳು ಗೋಡೆಯ ಮುಂದೆ ನಿಂತು ನೋಟಿಸನ್ನು ಮೊದಲಿಂದ ಕೊನೆಯವರೆಗೆ ಓದುವುದನ್ನು ಫಾರ್ಮಕ್ಕ ಕಿಟಕಿಯಿಂದ ನೋಡಿದಳು. ಓದಿ ಮುಗಿಸಿ ಅವಳು ಕಿಟಕಿಗೆ ಬರಲಿಲ್ಲ, ಬಾಗಿಲಿಂದ ಒಳಗೇ ಬಂದಳು.

"ಕೂತ್ಕೋಮ್ಮ" ಎಂದಳು ಫಾರ್ಮಕ್ಕ. "ನಿನ್ನ ಮುಖ ನೋಡೋಕೆ ನನಗೆ ಮುಖ ಇಲ್ಲ."

"ಯಾಕಕ್ಕಾ ಹಾಗಂತೀರಿ. ನಾನೂ ನಿಮಗೆ ಸುಳ್ಳು ಸಹಿ ಹಾಕಿ ಕೊಟ್ಟಿದೀನಿ."

"ಸುಳ್ಳು ಹೇಳಿ ಒಳ್ಳೇದು ಮಾಡಿದೆ. ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೂ ಒಂದು ಮಾತು ಕೇಳ್ತೀನಿ, ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?"

ಅವಳು ಕೈಚೀಲದ ದಾರ ತಿರುಚಿದಳು. "ನಿಮ್ಮ ಮೇಲೆ ಇತ್ತಕ್ಕ. ಕಾಗದದ ಮೇಲೆ ಇರ್ಲಿಲ್ಲ. ಒಂದ್ಸಲ ಬರೆದು ಕೊಟ್ರೆ ಅದು ಎಲ್ಲೆಲ್ಲಿ ಹೋಗುತ್ತೋ ಅಂತ. ಮಗಳ ಸ್ಕೂಲಿಗೂ ಹಳೇ ವಿಳಾಸಾನೇ ಕೊಟ್ಟಿದೀನಿ. ರಜೆ ದಿನ ಅಕ್ಕನ ಮನೆಗೆ ಹೋಗಿ ಫೋನ್ ಆರಿಸಿ ಮಲಗ್ತೀನಿ, ಅವತ್ತೊಂದು ದಿನ ನಿದ್ದೆ ಬರುತ್ತೆ."

"ಅವನನ್ನ ಹಿಡಿದಿದಾರೆ."

"ಠಾಣೆಯಿಂದ ನನಗೂ ನಿನ್ನೆ ಸಂಜೆನೇ ಹೇಳಿದ್ರು." ಅವಳ ಕಣ್ಣು ತುಂಬಿತು, ಆದರೆ ಮುಖ ಹಗುರಾಗಿತ್ತು. "ಎರಡು ವರ್ಷದಿಂದ ಅವನು ಯಾವತ್ತು ಬರ್ತಾನೋ ಅಂತ ಕಾಯ್ತಾನೇ ಇದ್ದೆ. ಬಂದ, ನಾನಿಲ್ಲದ ಮನೆಗೆ ಬಂದ, ಹೋಗಿ ಸಿಕ್ಕಿಹಾಕ್ಕೊಂಡ. ನಿನ್ನೆ ರಾತ್ರಿ ಮಗಳು ಕಿಟಕಿ ತೆರೆದು ಮಲಗೋಣ ಅಂದ್ಲು. ತೆರೆದೆ."

ಹೊರಗೆ ಪಾಳಿಯ ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಪ್ಯಾಕಿಂಗಿನವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಅಕ್ಕಾ, ಒಂದು ಫಾರಂ ಕೊಡಿ" ಎಂದಳು.

"ಯಾವ ಫಾರಂ?"

"ವಿಳಾಸ ಬದಲಾವಣೆದು. ಆ ಗೋಡೆ ಮೇಲೆ ತಪ್ಪು ನನ್ನದು ಅಂತ ಬರ್ಕೊಂಡಿದೀರಲ್ಲ, ಅದನ್ನ ಓದಿದ ಮೇಲೆ ನಿಮ್ಮ ಹತ್ರ ಒಂದು ವಿಳಾಸ ಇರ್ಲಿ ಅನ್ನಿಸ್ತು. ನಾನು ಕೆಲಸದಲ್ಲಿ ಬಿದ್ದು ಗಿದ್ದು ಆದ್ರೆ ನನ್ನ ಮಗಳಿಗೆ ಹೋಗಿ ಹೇಳೋರು ಒಬ್ಬರಾದ್ರೂ ಬೇಕಲ್ಲ."

ಫಾರ್ಮಕ್ಕ ಡ್ರಾಯರು ತೆರೆದು ಫಾರಂ ತೆಗೆದಳು. "ಇದು ಕಂಪ್ಯೂಟರಿಗೆ ಹೋಗಲ್ಲ" ಎಂದಳು. "ಅಲ್ಲಿ ನಿನ್ನ ಸಾಲಿನಲ್ಲಿ 'ಮುಖ್ಯ ಗುಮಾಸ್ತೆಯನ್ನು ಕೇಳಿ' ಅಂತ ಮಾತ್ರ ಇರುತ್ತೆ. ಇದನ್ನ ಲಕೋಟೆಯಲ್ಲಿ ಹಾಕಿ ಅಂಟಿಸಿ ಬೀರುವಿನಲ್ಲಿಡ್ತೀನಿ. ನಿನಗೆ ಏನಾದ್ರೂ ಆಗದ ಹೊರತು ನಾನೂ ಒಡೆಯಲ್ಲ."

ಅವಳು ಬರೆಯತೊಡಗಿದಳು. ನಿಧಾನವಾಗಿ, ಒಂದೊಂದಕ್ಷರ ದುಂಡಗೆ. ಫಾರ್ಮಕ್ಕ ಬೇಕೆಂದೇ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹೊರಗೆ ಬಾಯ್ಲರ್ ಮೇಸ್ತ್ರಿಗೆ ಯಾರೋ ಒಂದು ಪೊಟ್ಟಣ ಸಿಹಿ ತಂದು ಕೊಡುತ್ತಿದ್ದರು, ಅವನು ಸಿಟ್ಟು ಮಾಡಿದಂತೆ ನಟಿಸಿ ತಿನ್ನುತ್ತಿದ್ದ.

"ಅಕ್ಕಾ" ಎಂದಳು ಪ್ಯಾಕಿಂಗಿನವಳು. "ಇಲ್ಲೊಂದು ಕಾಲಂ ಇದೆ. 'ಏಳು ದಿನ ಮೀರಿದ್ದರೆ ತಡವಾದ ಕಾರಣ' ಅಂತ. ನಾಲ್ಕು ತಿಂಗಳಾಗಿದೆ. ಏನಂತ ಬರೀಲಿ?"

ಫಾರ್ಮಕ್ಕ ಈ ಕಡೆ ತಿರುಗಲಿಲ್ಲ.

"ಅದನ್ನ ಖಾಲಿ ಬಿಡು" ಎಂದಳು.